ಪಾತ್ರೆಗೆ ಲಿಕ್ವಿಡ್, ಬಾರ್, ಪೌಡರ್: ಜಿಡ್ಡು, ಕೈ, ಖರ್ಚು ಮೂರನ್ನೂ ನೋಡಿದರೆ ಯಾವುದು?

ಮಲ್ಲಿಗೆಮನೆ, ಬೆಂಗಳೂರು

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಐದು ಜನ. ಸಿಂಕ್ ಪಕ್ಕದಲ್ಲಿ ಈಗ ಮೂರೂ ಕೂತಿವೆ. ಅತ್ತೆಗೆ ಬಾರ್ ಬಿಟ್ಟರೆ ಬೇರೆ ಆಗೋದಿಲ್ಲ. ಬೆಳಿಗ್ಗೆ ಕೆಲಸಕ್ಕೆ ಬರುವ ಅಕ್ಕನಿಗೆ ಪೌಡರ್ ಬೇಕು, ಅದರಲ್ಲೇ ಪಾತ್ರೆ ಹೊಳೆಯುತ್ತದೆ ಅಂತಾರೆ. ರಾತ್ರಿ ಪಾತ್ರೆ ನಂದು, ನಾನು ಲಿಕ್ವಿಡ್ ಬಳಸುತ್ತೇನೆ. ತಿಂಗಳ ಸಾಮಾನಿನ ಚೀಟಿಯಲ್ಲಿ ಮೂರಕ್ಕೂ ದುಡ್ಡು ಹೋಗುತ್ತಿದೆ.

ನನಗೆ ಬೇಕಿರುವುದು ಮೂರು ವಿಷಯ. ಬಾಣಲೆ, ತುಪ್ಪದ ಪಾತ್ರೆಯ ಜಿಡ್ಡು ಯಾವುದರಲ್ಲಿ ಚೆನ್ನಾಗಿ ಹೋಗುತ್ತದೆ? ಕೈ ಒಣಗುವುದು ಯಾವುದರಲ್ಲಿ ಕಡಿಮೆ? ಅಕ್ಕನ ಬೆರಳ ಸಂದಿಯಲ್ಲಿ ಬಿರುಕು ಬಿಟ್ಟಿದೆ, ನೋಡಿದರೆ ಸಂಕಟ ಆಗುತ್ತದೆ. ಇನ್ನು ಒಂದು ಹೊತ್ತಿನ ಪಾತ್ರೆಗೆ ನಿಜವಾಗಿ ಎಷ್ಟು ಖರ್ಚು? ಪ್ಯಾಕೆಟ್ ಮೇಲಿನ ಬೆಲೆ ಅಲ್ಲ, ಒಂದು ಸಲ ತೊಳೆಯಲು ಆಗುವ ಖರ್ಚು.

ನೊರೆನೊರೆ

ಸಿಂಪಲ್ ಅಕ್ಕ, ಯಾವುದರಲ್ಲಿ ನೊರೆ ಜಾಸ್ತಿಯೋ ಅದೇ ಜಿಡ್ಡು ತೆಗೆಯೋದು. ಲಿಕ್ವಿಡ್‌ನಲ್ಲಿ ನೊರೆ ಜಾಸ್ತಿ, ಜೊತೆಗೆ ನಿಂಬೆ ಇರುತ್ತದೆ. ಎಣ್ಣೆ ಕಡಿಯೋದು ಆ ನಿಂಬೆಯೇ. ಪೌಡರ್‌ನಲ್ಲಿ ನೊರೆಯೇ ಬರೋದಿಲ್ಲ, ಸುಮ್ನೆ ದುಡ್ಡು ದಂಡ.

ಪೀಣ್ಯದ ರಾಯರು

ನಾನು ಪೀಣ್ಯದಲ್ಲಿ ಪಾತ್ರೆ ಸೋಪು ತಯಾರಿಸುವ ಚಿಕ್ಕ ಕಾರ್ಖಾನೆಯಲ್ಲಿ ಬಹಳ ವರ್ಷ ಮಿಶ್ರಣದ ಕೆಲಸ ನೋಡಿಕೊಂಡವನು. ನೊರೆಯ ಮಾತು ಅರ್ಧ ಸರಿ. ನೊರೆ ಜಿಡ್ಡು ತೆಗೆಯುವುದಿಲ್ಲ. ಆದರೆ ಬೋಗುಣಿಯ ಸೋಪು ನೀರಿನಲ್ಲಿ ನೊರೆ ಸತ್ತುಹೋಯಿತು ಅಂದರೆ ಆ ನೀರು ಎಣ್ಣೆ ಕುಡಿದು ಸಾಕಾಗಿದೆ, ಬದಲಾಯಿಸಿ ಅಂತ ಅರ್ಥ. ನೊರೆಯನ್ನು ಅಷ್ಟಕ್ಕೆ ಮಾತ್ರ ನಂಬಿ. ನಿಂಬೆ ಹೆಚ್ಚಾಗಿ ವಾಸನೆಗೆ. ಜಿಡ್ಡನ್ನು ಹಿಡಿದು ನೀರಿಗೆ ಎಳೆಯುವುದು ಡಿಟರ್ಜೆಂಟ್ ಅಂಶ.

ಈ ಮೂರರ ಒಳಗೆ ಏನಿದೆ ಅಂತ ಗೊತ್ತಾದರೆ ಅರ್ಧ ಪ್ರಶ್ನೆ ಮುಗಿಯುತ್ತದೆ. ಲಿಕ್ವಿಡ್‌ನಲ್ಲಿ ಬಹುಪಾಲು ನೀರು, ಉಳಿದದ್ದರಲ್ಲಿ ಮುಖ್ಯವಾಗಿ ಡಿಟರ್ಜೆಂಟ್. ಉಜ್ಜುವ ಪುಡಿ ಇರುವುದಿಲ್ಲ. ಬಾರ್‌ನಲ್ಲಿ ಡಿಟರ್ಜೆಂಟ್ ಜೊತೆ ಸೋಡಾ ಇರುತ್ತದೆ, ಅದಕ್ಕಿಂತ ಜಾಸ್ತಿ ನುಣ್ಣಗೆ ಅರೆದ ಕಲ್ಲಿನ ಪುಡಿ ಇರುತ್ತದೆ. ಪೌಡರ್ ಬಹುತೇಕ ಕಲ್ಲಿನ ಪುಡಿಯೇ. ಸ್ವಲ್ಪ ಸೋಡಾ, ಚೂರು ಡಿಟರ್ಜೆಂಟ್. ಅಂದರೆ ಲಿಕ್ವಿಡ್ ಜಿಡ್ಡನ್ನು ಬಿಡಿಸುತ್ತದೆ, ಪೌಡರ್ ಕಲೆಯನ್ನು ಕೆರೆಯುತ್ತದೆ, ಬಾರ್ ಎರಡನ್ನೂ ಸ್ವಲ್ಪ ಸ್ವಲ್ಪ ಮಾಡುತ್ತದೆ.

ಈಗ ನಿಮ್ಮ ಬಾಣಲೆ. ಅಲ್ಲಿ ಎರಡು ತರಹದ ಎಣ್ಣೆ ಇರುತ್ತದೆ. ಇವತ್ತು ಬೋಂಡಾ ಕರಿದು ಉಳಿದ ಹಸಿ ಎಣ್ಣೆ ಒಂದು. ಅದಕ್ಕೆ ಬಿಸಿನೀರು ಮತ್ತು ಲಿಕ್ವಿಡ್ ಸಾಕು, ಉಜ್ಜುವುದೇ ಬೇಡ. ಇನ್ನೊಂದು ಅಂಚಿನಲ್ಲಿ, ಹಿಡಿಯ ಬುಡದಲ್ಲಿ ಕಂದು ಬಣ್ಣಕ್ಕೆ ತಿರುಗಿ ಅಂಟಂಟಾಗಿ ಕೂತಿರುವ ಹಳೆ ಎಣ್ಣೆ. ಅದು ಕಾದು ಕಾದು ವಾರ್ನಿಷ್ ಆಗಿಬಿಟ್ಟಿದೆ. ಅದಕ್ಕೆ ಅರ್ಧ ಬಾಟಲಿ ಲಿಕ್ವಿಡ್ ಸುರಿದರೂ ಜಗ್ಗುವುದಿಲ್ಲ. ಉಗುರಲ್ಲಿ ಗೀರಿ ನೋಡಿ. ಬೆಣ್ಣೆಯ ಹಾಗೆ ಬಂದರೆ ಹಸಿ ಎಣ್ಣೆ, ಉಗುರು ಜಾರಿದರೆ ವಾರ್ನಿಷ್. ಸ್ಟೀಲ್ ಅಥವಾ ಕಬ್ಬಿಣದ್ದಾದರೆ ನೀರಿಗೆ ಎರಡು ಚಮಚ ವಾಷಿಂಗ್ ಸೋಡಾ ಹಾಕಿ ಕುದಿಸಿ, ಆರಿದ ಮೇಲೆ ಬಾರ್ ಅಥವಾ ಪೌಡರ್‌ನಲ್ಲಿ ಉಜ್ಜಿ. ಕಬ್ಬಿಣದ್ದನ್ನು ತಕ್ಷಣ ಒರೆಸಿ ಎಣ್ಣೆ ಸವರದಿದ್ದರೆ ತುಕ್ಕು ಹಿಡಿಯುತ್ತದೆ. ಅಲ್ಯೂಮಿನಿಯಂಗೆ ಮಾತ್ರ ಸೋಡಾ ಹಾಕಲೇಬೇಡಿ, ಕಪ್ಪಾಗಿ ಸವೆಯುತ್ತದೆ.

ಕಡಲತೀರ, ಉಡುಪಿ

ರಾಯರೇ, ನಿಂಬೆಯನ್ನು ಪೂರ್ತಿ ತಳ್ಳಿಹಾಕಬೇಡಿ. ನಮ್ಮಲ್ಲಿ ಮೀನಿನ ಪಾತ್ರೆಯನ್ನು ಎಷ್ಟು ಲಿಕ್ವಿಡ್ ಹಾಕಿ ತೊಳೆದರೂ ವಾಸನೆ ಉಳಿಯುತ್ತದೆ. ಮೊದಲು ತಣ್ಣೀರಲ್ಲಿ ಜಾಲಿಸಿ, ಹುಣಸೆಹುಳಿ ಸವರಿ, ಆಮೇಲೆ ತೊಳೆದರೆ ವಾಸನೆ ಹೋಗುತ್ತದೆ. ಅಮ್ಮ ಮೊದಲಿನಿಂದ ಹೀಗೇ ಮಾಡುವುದು.

ನಮಗೆ ಇನ್ನೊಂದು ತಲೆನೋವು ತೆಂಗಿನೆಣ್ಣೆ. ಮಳೆಗಾಲದ ಚಳಿಗೆ ಅದು ಪಾತ್ರೆಯಲ್ಲೇ ಗಟ್ಟಿಯಾಗಿ ಕೂರುತ್ತದೆ. ಆಗ ತಣ್ಣೀರಲ್ಲಿ ಯಾವ ಸೋಪು ಹಾಕಿದರೂ ಎಣ್ಣೆ ಸ್ಕ್ರಬ್ಬರ್‌ಗೆ ಹತ್ತಿಕೊಂಡು ಎಲ್ಲ ಪಾತ್ರೆಗೂ ಹರಡುತ್ತದೆ.

ಪೀಣ್ಯದ ರಾಯರು

ನಿಮ್ಮ ಅಮ್ಮ ಮಾಡುವುದು ಸರಿ. ಮೀನಿನ ವಾಸನೆಯ ಅಂಶವನ್ನು ಹುಳಿ ಕಟ್ಟಿಹಾಕುತ್ತದೆ. ಹುಳಿ ವಾಸನೆಗೆ ಕೆಲಸ ಮಾಡುತ್ತದೆ, ಜಿಡ್ಡಿಗೆ ಅಲ್ಲ. ಮೊದಲು ತಣ್ಣೀರು ಹಾಕುವುದೂ ಸರಿ. ಮೀನು, ಮೊಟ್ಟೆ ಹತ್ತಿದ ಪಾತ್ರೆಗೆ ಮೊದಲೇ ಬಿಸಿನೀರು ಹಾಕಿದರೆ ಅದು ಬೆಂದು ಅಂಟಿಕೊಳ್ಳುತ್ತದೆ.

ತೆಂಗಿನೆಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗೇ ಗಟ್ಟಿಯಾಗುತ್ತದೆ. ತುಪ್ಪ, ಡಾಲ್ಡಾ ಅದಕ್ಕಿಂತಲೂ ಬೇಗ. ಗಟ್ಟಿಯಾದ ಕೊಬ್ಬಿನ ಒಳಗೆ ಡಿಟರ್ಜೆಂಟ್ ಇಳಿಯುವುದು ಕಷ್ಟ. ಹಾಗಾಗಿ ಸೋಪು ಜಾಸ್ತಿ ಮಾಡುವ ಬದಲು ಒಂದು ಚೊಂಬು ಬಿಸಿನೀರು ಹಾಕಿ. ಅದಕ್ಕೂ ಮುಂಚೆ ಹಳೆ ಪೇಪರ್‌ನಲ್ಲಿ ಒರೆಸಿ ಕಸಕ್ಕೆ ಹಾಕಿ. ಪೈಪಿಗೂ ಒಳ್ಳೆಯದು.

ಅಜ್ಜಿಮನೆ, ಹಾವೇರಿ ಕಡೆ

ಈ ಕೆಮಿಕಲ್ ಎಲ್ಲ ಯಾಕೆ? ನಮ್ಮ ಅಜ್ಜಿ ಒಲೆ ಬೂದಿ, ತೆಂಗಿನ ನಾರು ಇಟ್ಟುಕೊಂಡೇ ಮನೆ ತುಂಬ ಪಾತ್ರೆ ತಿಕ್ಕುತ್ತಿದ್ದರು. ಜಿಡ್ಡಿಗೆ ಸೀಗೆಪುಡಿ. ಕೈಗೂ ಏನೂ ಆಗುತ್ತಿರಲಿಲ್ಲ.

ಪೀಣ್ಯದ ರಾಯರು

ಬೂದಿ ಕೆಲಸ ಮಾಡುತ್ತದೆ, ಅದರಲ್ಲಿ ಅನುಮಾನವೇ ಇಲ್ಲ. ಅದರಲ್ಲಿರುವ ಕ್ಷಾರ ಎಣ್ಣೆಯ ಜೊತೆ ಸೇರಿ ಅಲ್ಲೇ ಒಂಚೂರು ಸೋಪಾಗುತ್ತದೆ. ಸೀಗೆಕಾಯಿಯಲ್ಲೂ ನೊರೆ ಕೊಡುವ ಅಂಶ ಇದೆ. ಆದರೆ ಬೂದಿ ಕೈಗೆ ಮೃದು ಅನ್ನುವುದನ್ನು ಒಪ್ಪಲಾರೆ. ಅದು ಬಾರ್‌ಗಿಂತ ಖಾರ ಇರಬಹುದು.

ಮಲ್ಲಿಗೆಮನೆಯವರೇ, ಕೈ ವಿಷಯಕ್ಕೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಿ ನೋಡಿ. ಮೂರು ಬಿಳಿ ಬಟ್ಟಲಲ್ಲಿ ಚಿಟಿಕೆ ಚಿಟಿಕೆ ಅರಿಶಿನ ನೀರು ಮಾಡಿ. ಒಂದಕ್ಕೆ ಎರಡು ಹನಿ ಲಿಕ್ವಿಡ್, ಒಂದಕ್ಕೆ ಬಾರ್‌ನ ಚೂರು, ಒಂದಕ್ಕೆ ಚಿಟಿಕೆ ಪೌಡರ್ ಹಾಕಿ ಕಲಕಿ. ಆರತಿಗೆ ಅರಿಶಿನಕ್ಕೆ ಸುಣ್ಣ ಸೇರಿಸಿದಾಗ ನೀರು ಕೆಂಪಾಗುತ್ತದಲ್ಲ, ಅದೇ ಇಲ್ಲೂ ಆಗುವುದು. ಕೆಂಪಾದರೆ ಕ್ಷಾರ ಇದೆ ಅಂತ. ನಮ್ಮ ಚರ್ಮ ಸ್ವಲ್ಪ ಹುಳಿ ಗುಣದ್ದು, ಕ್ಷಾರ ತಾಗಿದಷ್ಟೂ ಅದರ ಮೇಲ್ಪದರ ಸಡಿಲಾಗುತ್ತದೆ.

ಆಸ್ಟಿನ್ ಕನ್ನಡಿಗ

ನಮ್ಮ ಮನೆಯಲ್ಲಿ ಡಿಶ್‌ವಾಷರ್ ಇದೆ. ಅದರ ಟ್ಯಾಬ್ಲೆಟ್ ದುಬಾರಿ. ಅದರ ಬದಲು ಈ ಲಿಕ್ವಿಡ್ ಹಾಕಬಹುದಾ?

ಪೀಣ್ಯದ ರಾಯರು

ಬೇಡ ಸರ್. ನೊರೆ ಬಾಗಿಲಿಂದ ಹೊರಗೆ ಬಂದು ಅಡುಗೆಮನೆ ನೆಲದ ಮೇಲೆ ಹರಿಯುತ್ತದೆ. ಮೆಷಿನ್ ಪುಡಿಯೇ ಬೇರೆ, ಅದನ್ನು ನೊರೆ ಬಾರದ ಹಾಗೆ ಮಾಡಿರುತ್ತಾರೆ. ಆ ಪುಡಿಯಲ್ಲಿ ಕೈಯಿಂದ ಪಾತ್ರೆ ತೊಳೆಯುವುದೂ ತಪ್ಪು, ಕೈಗೆ ತುಂಬಾ ಖಾರ.

ಬಿಳಿ ಕೋಟು, ಮೈಸೂರು

ನಾನು ಚರ್ಮ ವಿಭಾಗದಲ್ಲಿ ನರ್ಸ್. ರಾಯರ ಅರಿಶಿನ ಪರೀಕ್ಷೆ ಚೆನ್ನಾಗಿದೆ, ಆದರೆ ಕೈ ವಿಷಯ ಅಷ್ಟಕ್ಕೇ ಮುಗಿಯುವುದಿಲ್ಲ. ಕ್ಷಾರ ಇಲ್ಲದ ಲಿಕ್ವಿಡ್ ಕೂಡ ಚರ್ಮದ ಎಣ್ಣೆಯನ್ನು ಎಳೆದು ಹಾಕುತ್ತದೆ. ಬಾಣಲೆಯ ಎಣ್ಣೆ ಯಾವುದು, ಕೈಯ ಎಣ್ಣೆ ಯಾವುದು ಅಂತ ಡಿಟರ್ಜೆಂಟ್‌ಗೆ ಗೊತ್ತಾಗುವುದಿಲ್ಲ. ಬಾಟಲಿಯಿಂದ ನೇರವಾಗಿ ಸ್ಕ್ರಬ್ಬರ್‌ಗೆ ಸುರಿದು ಹಿಂಡುತ್ತಾರಲ್ಲ, ಆಗ ಅಂಗೈಗೆ ತಾಗುವುದು ನೀರು ಬೆರೆಸದ ಲಿಕ್ವಿಡ್. ಬಟ್ಟಲಲ್ಲಿ ನೀರಿಗೆ ಬೆರೆಸಿ ಬಳಸಿದರೆ ಬಹಳ ವ್ಯತ್ಯಾಸ ಆಗುತ್ತದೆ.

ಇನ್ನೊಂದು, ಕೈ ಎಷ್ಟು ಹೊತ್ತು ಒದ್ದೆಯಾಗಿರುತ್ತದೆ ಅನ್ನುವುದು. ದಿನಕ್ಕೆ ಎರಡು ಗಂಟೆಗಿಂತ ಹೆಚ್ಚು ಒದ್ದೆ ಕೆಲಸ ಮಾಡುವವರಿಗೆ ಕೈ ಇಸುಬಿನ ಅಪಾಯ ಜಾಸ್ತಿ ಅಂತ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ನಿಮ್ಮ ಮನೆ ಅಕ್ಕ ನಾಲ್ಕೈದು ಮನೆ ಮಾಡುವವರಾದರೆ ಆ ಗಡಿ ಬೆಳಿಗ್ಗೆಯೇ ದಾಟಿರುತ್ತಾರೆ. ನಿಮ್ಮ ಒಂದು ಮನೆಯಲ್ಲಿ ಪೌಡರ್ ನಿಲ್ಲಿಸಿದರೆ ಪೂರ್ತಿ ಗುಣ ಆಗುತ್ತದೆ ಅಂತ ಹೇಳಲಾರೆ.

ಅವರ ಉಂಗುರದ ಕೆಳಗೆ ನೋಡಿ. ಸೋಪು ಅಲ್ಲಿ ಉಳಿದುಕೊಳ್ಳುತ್ತದೆ, ಎಷ್ಟೋ ಜನರಿಗೆ ಕೆರೆತ ಶುರುವಾಗುವುದೇ ಅಲ್ಲಿ. ಆಮೇಲೆ ಬೆರಳ ಸಂದಿ. ಉಂಗುರ ತೆಗೆದಿಡಿ, ಕೈ ಒರೆಸಿದ ಕೂಡಲೇ ವ್ಯಾಸಲೀನ್ ಹಚ್ಚಲಿ. ಗ್ಲೌಸ್ ಹಾಕುವುದಾದರೆ ಒಳಗೆ ತೆಳ್ಳನೆ ಕಾಟನ್ ಗ್ಲೌಸ್ ಇರಬೇಕು, ಇಲ್ಲದಿದ್ದರೆ ಬೆವರಿ ಇನ್ನೂ ಕೆಡುತ್ತದೆ. ಬಿರುಕಿನಿಂದ ರಸ, ಕೀವು ಬರುತ್ತಿದ್ದರೆ ಮನೆಮದ್ದು ಬೇಡ, ಚರ್ಮದ ಡಾಕ್ಟರಿಗೆ ತೋರಿಸಿ.

ಕಾಫಿಪುಡಿ, ಚಿಕ್ಕಮಗಳೂರು

ನನ್ನದು ಉಲ್ಟಾ ಕಥೆ. ಬಾರ್‌ನಲ್ಲಿ ಏನೂ ಇರಲಿಲ್ಲ. ಲಿಕ್ವಿಡ್‌ಗೆ ಬಂದ ಮೇಲೆ ಬೆರಳ ತುದಿಯಲ್ಲಿ ಚಿಕ್ಕ ಚಿಕ್ಕ ನೀರುಗುಳ್ಳೆ, ವಿಪರೀತ ಕೆರೆತ. ಡಾಕ್ಟರ್ ಬೆನ್ನಿಗೆ ಪ್ಯಾಚ್ ಅಂಟಿಸಿ ಪರೀಕ್ಷೆ ಮಾಡಿದರು. ಮೀಥೈಲ್ ಐಸೋಥಯಾಜೋಲಿನೋನ್ ಅನ್ನುವ, ಲಿಕ್ವಿಡ್ ಕೆಡದಂತೆ ಹಾಕುವ ಪದಾರ್ಥ ನನಗೆ ಅಲರ್ಜಿ ಅಂತ ಗೊತ್ತಾಯಿತು. ಅದು ಕೆಲವು ಶಾಂಪೂ, ವೆಟ್ ವೈಪ್‌ನಲ್ಲೂ ಇರುತ್ತದೆ. ಈಗ ಮತ್ತೆ ಬಾರ್. ಹಾಗಾಗಿ ಲಿಕ್ವಿಡ್ ಎಲ್ಲರ ಕೈಗೂ ಒಳ್ಳೆಯದು ಅಂದರೆ ನಾನು ಒಪ್ಪುವುದಿಲ್ಲ.

ಬಿಳಿ ಕೋಟು, ಮೈಸೂರು

ಸರಿಯಾಗಿ ಹೇಳಿದಿರಿ. ಸುಮ್ನೆ ಒಣಗುವುದು ಬೇರೆ, ಅಲರ್ಜಿ ಬೇರೆ. ಒಣಗಿ ಒಡೆದ ಕೈ ಸೋಪು ಕಡಿಮೆ ಮಾಡಿದರೆ ಸುಧಾರಿಸುತ್ತದೆ. ಅಲರ್ಜಿಯಾದರೆ ಆ ಪದಾರ್ಥ ಚೂರು ತಾಗಿದರೂ ಮತ್ತೆ ಏಳುತ್ತದೆ.

ಮಲ್ಲಿಗೆಮನೆ, ಬೆಂಗಳೂರು

ಅರಿಶಿನ ಪರೀಕ್ಷೆ ಮಾಡಿದೆ. ಅತ್ತೆಯೂ ಪಕ್ಕದಲ್ಲಿ ನಿಂತು ನೋಡಿದರು. ಪೌಡರ್ ಹಾಕಿದ ಬಟ್ಟಲು ಹಾಕಿದ ಕ್ಷಣದಲ್ಲೇ ಇಟ್ಟಿಗೆ ಕೆಂಪಾಯಿತು, ತಳದಲ್ಲಿ ಬಿಳಿ ಮರಳಿನ ಹಾಗೆ ಪುಡಿ ಕೂತಿತು. ಬಾರ್ ಚೂರು ಕರಗಿದ ಹಾಗೆಲ್ಲ ಅದರ ಸುತ್ತ ಕೆಂಪು ಹಬ್ಬಿತು. ಲಿಕ್ವಿಡ್ ಬಟ್ಟಲು ಮಾತ್ರ ಹಳದಿಯಾಗೇ ಉಳಿಯಿತು. ಸಾಂಬಾರ್ ಪಾತ್ರೆಗೆ ಬಾರ್ ಹಚ್ಚಿದಾಗ ನೊರೆ ಯಾಕೆ ಕೆಂಪಾಗುತ್ತದೆ ಅಂತ ಅತ್ತೆಗೆ ಯಾವಾಗಲೂ ಅನುಮಾನ ಇತ್ತಂತೆ.

ಅಕ್ಕ ದಿನಕ್ಕೆ ನಾಲ್ಕು ಮನೆ ಮಾಡುತ್ತಾರೆ. ಉಂಗುರದ ಕೆಳಗೆ ಚರ್ಮ ಬೆಳ್ಳಗಾಗಿ ಸುಲಿದಿತ್ತು. ರಸ, ಕೀವು ಇಲ್ಲ. ಇನ್ನು ಖರ್ಚಿನ ಲೆಕ್ಕ ಹೇಗೆ ಹಾಕೋದು ಹೇಳಿ.

ಪೀಣ್ಯದ ರಾಯರು

ಎಲ್ಲ ಬ್ರ್ಯಾಂಡ್‌ನದ್ದೂ ಇದೇ ರೀತಿ ಬರಬೇಕೆಂದಿಲ್ಲ, ನಿಮ್ಮ ಮನೆಯದ್ದು ಹೀಗೆ ಬಂತು ಅಷ್ಟೇ.

ಖರ್ಚಿಗೆ ಅಡುಗೆಮನೆ ತಕ್ಕಡಿ ಸಾಕು. ಒಂದು ಹೊತ್ತಿನ ಪಾತ್ರೆ ತೊಳೆಯುವ ಮುಂಚೆ ಬಾರ್ ಅನ್ನು ತೂಕ ಮಾಡಿ, ತೊಳೆದಾದ ಮೇಲೆ ಪೂರ್ತಿ ಒಣಗಿಸಿ ಮತ್ತೆ ತೂಕ ಮಾಡಿ. ಒದ್ದೆ ಬಾರ್ ತೂಗಿದರೆ ಲೆಕ್ಕ ತಪ್ಪುತ್ತದೆ. ಪೌಡರ್‌ಗೆ ಡಬ್ಬಿ ಸಮೇತ ತೂಕ. ಲಿಕ್ವಿಡ್‌ಗೆ ಅಳತೆ ಚಮಚ. ತೊಳೆಯುವವರಿಗೆ ಮಿತವಾಗಿ ಬಳಸಿ ಅಂತ ಹೇಳಬೇಡಿ, ದಿನಾ ಹೇಗೋ ಹಾಗೇ ತೊಳೆಯಲಿ. ಜಾಲಿಸಲು ಎಷ್ಟು ನೀರು ಹೋಯಿತು ಅಂತಲೂ ಬಕೆಟ್‌ನಲ್ಲಿ ನೋಡಿ.

ಮೆಸ್ ಮಂಜಣ್ಣ, ದಾವಣಗೆರೆ

ನೀವೆಲ್ಲ ಮನೆ ಪಾತ್ರೆ ಮಾತಾಡ್ತಾ ಇದ್ದೀರಿ. ನಮ್ಮದು ಮೆಸ್. ಅನ್ನದ ತಪ್ಪಲೆ, ಸೌದೆ ಒಲೆ ಮೇಲೆ ಮಸಿ ಹಿಡಿದ ದೊಡ್ಡ ಪಾತ್ರೆ. ಇದಕ್ಕೆ ಲಿಕ್ವಿಡ್ ಹಾಕಿದರೆ ಮಸಿ ನಗುತ್ತದೆ ಅಷ್ಟೇ. ಪೌಡರ್ ಬಿಟ್ಟರೆ ಗತಿ ಇಲ್ಲ. ಒಲೆಗೆ ಇಡುವ ಮುಂಚೆ ತಳಕ್ಕೆ ಹೊರಗಿನಿಂದ ಮಣ್ಣು ಕಲಸಿ ತೆಳ್ಳಗೆ ಸವರಿಬಿಡಿ, ಮಸಿ ಮಣ್ಣಿಗೆ ಹಿಡಿಯುತ್ತದೆ, ತೊಳೆಯುವಾಗ ಮಣ್ಣಿನ ಜೊತೆಗೇ ಬಿಡುತ್ತದೆ. ಪೌಡರ್ ಅರ್ಧ ಉಳಿಯುತ್ತದೆ. ಮುದ್ದೆ ಪಾತ್ರೆಗೆ ಯಾವ ಸೋಪೂ ಬೇಡ, ನೀರು ತುಂಬಿ ನೆನೆಯಲು ಬಿಡಿ, ಪದರ ಪದರವಾಗಿ ತಾನೇ ಏಳುತ್ತದೆ.

ಪೀಣ್ಯದ ರಾಯರು

ಮಂಜಣ್ಣ ಹೇಳಿದ್ದನ್ನು ಪೂರ್ತಿ ಒಪ್ಪುತ್ತೇನೆ. ಮಸಿ, ಸೀದ ತಳ, ಕಬ್ಬಿಣದ ಹಂಚಿನ ಅಂಚು, ಇವು ಪೌಡರ್‌ನ ಜಾಗ. ಆದರೆ ಅದೇ ಪೌಡರ್ ನಾನ್‌ಸ್ಟಿಕ್, ಗಾಜು, ಪ್ಲಾಸ್ಟಿಕ್ ಡಬ್ಬಿಗೆ ಬೇಡ. ಗೀರು ಬಿದ್ದ ಪ್ಲಾಸ್ಟಿಕ್‌ನಲ್ಲಿ ಆಮೇಲೆ ಜಿಡ್ಡು ಕೂರುತ್ತದೆ, ಏನು ಮಾಡಿದರೂ ಹೋಗುವುದಿಲ್ಲ.

ಮಲ್ಲಿಗೆಮನೆ, ಬೆಂಗಳೂರು

ಲೆಕ್ಕ ಹಾಕಿದೆ. ನಮ್ಮ ಬೀದಿ ಅಂಗಡಿಯ ಬೆಲೆ ಹಿಡಿದಿದ್ದೇನೆ. ಲಿಕ್ವಿಡ್ 750 ಮಿ.ಲೀ.ಗೆ 165 ರೂಪಾಯಿ, ಬಾರ್ 300 ಗ್ರಾಂಗೆ 30, ಪೌಡರ್ ಕೆ.ಜಿ.ಗೆ 70. ರಾತ್ರಿ ಊಟದ ಪಾತ್ರೆ, ಐದು ಜನರದ್ದು.

ಲಿಕ್ವಿಡ್ ಮಿಲಿಗೆ 22 ಪೈಸೆ ಬೀಳುತ್ತದೆ. ಬಟ್ಟಲಲ್ಲಿ ಬೆರೆಸಿಕೊಂಡಾಗ 10 ಮಿಲಿ ಸಾಕಾಯಿತು, ಅಂದರೆ 2 ರೂಪಾಯಿ 20 ಪೈಸೆ. ಬಾಟಲಿಯಿಂದ ನೇರ ಹಾಕಿದ ದಿನ 20 ಮಿಲಿ ಹೋಯಿತು, 4 ರೂಪಾಯಿ 40 ಪೈಸೆ. ಬಾರ್ ಗ್ರಾಂಗೆ 10 ಪೈಸೆ, ಅತ್ತೆ 15 ಗ್ರಾಂ ಬಳಸಿದರು, ಒಂದೂವರೆ ರೂಪಾಯಿ. ಡಬ್ಬಿಯಲ್ಲಿ ನೀರು ನಿಂತಿದ್ದ ದಿನ ಬಾರ್ ಅಡಿಯಲ್ಲಿ ಕರಗಿ 25 ಗ್ರಾಂ ಹೋಗಿತ್ತು, ಆಗ ಎರಡೂವರೆ. ಪೌಡರ್ ಗ್ರಾಂಗೆ ಬರೀ 7 ಪೈಸೆ, ಆದರೆ 40 ಗ್ರಾಂ ಹೋಯಿತು. ಒದ್ದೆ ಸ್ಕ್ರಬ್ಬರ್‌ನಲ್ಲಿ ಅದ್ದಿ ಅದ್ದಿ ತೆಗೆಯುತ್ತಾರಲ್ಲ, ಅರ್ಧ ನೀರಿನ ಜೊತೆ ಹರಿದುಹೋಗುತ್ತದೆ. 2 ರೂಪಾಯಿ 80 ಪೈಸೆ ಆಯಿತು. ಕೆ.ಜಿ. ಲೆಕ್ಕದಲ್ಲಿ ಎಲ್ಲಕ್ಕಿಂತ ಅಗ್ಗದ್ದು ತೊಳೆತದ ಲೆಕ್ಕದಲ್ಲಿ ಹಿಂದೆ ಬಿತ್ತು.

ಮತ್ತೆ ನೀರು. ಲಿಕ್ವಿಡ್‌ಗಿಂತ ಬಾರ್‌ಗೆ ಅರ್ಧ ಬಕೆಟ್, ಪೌಡರ್‌ಗೆ ಒಂದು ಬಕೆಟ್ ಜಾಸ್ತಿ ಬೇಕಾಯಿತು. ಲೋಟದ ಅಂಚಿನ ಸುರುಳಿಯಲ್ಲಿ, ಕುಕ್ಕರ್ ಹಿಡಿಯ ಸ್ಕ್ರೂ ಹತ್ತಿರ ಬಿಳಿ ಪುಡಿ ಕೂರುತ್ತದೆ, ಅದನ್ನು ತೆಗೆಯಲು ನಲ್ಲಿ ಬಿಟ್ಟುಕೊಂಡೇ ಇರಬೇಕು.

ಟ್ಯಾಂಕರ್ ಬೀದಿ, ವೈಟ್‌ಫೀಲ್ಡ್

ಮೇಡಂ, ಆ ಬಕೆಟ್‌ಗೂ ಬೆಲೆ ಕಟ್ಟಿ. 2024ರ ಬೇಸಿಗೆಯಲ್ಲಿ ಬೆಂಗಳೂರು ಜಿಲ್ಲಾಡಳಿತ ಟ್ಯಾಂಕರ್‌ಗೆ ದರ ನಿಗದಿ ಮಾಡಿದಾಗ 6,000 ಲೀಟರಿಗೆ, 5 ಕಿಲೋಮೀಟರ್ ಒಳಗೆ, 600 ರೂಪಾಯಿ ಅಂತ ಇತ್ತು. ಲೀಟರಿಗೆ 10 ಪೈಸೆ. 15 ಲೀಟರ್ ಬಕೆಟ್ ಅಂದರೆ ಒಂದೂವರೆ ರೂಪಾಯಿ. ನಿಮ್ಮ ಪೌಡರ್ ಖರ್ಚು 4 ರೂಪಾಯಿ 30 ಪೈಸೆ ಆಯಿತು. ಬಾರ್ 2 ರೂಪಾಯಿ 25 ಪೈಸೆ, ಲಿಕ್ವಿಡ್ 2 ರೂಪಾಯಿ 20 ಪೈಸೆ. ನಮ್ಮಂಥ ಟ್ಯಾಂಕರ್ ಏರಿಯಾದಲ್ಲಿ ಇವೆರಡೂ ಹೆಚ್ಚುಕಡಿಮೆ ಒಂದೇ.

ಅಜ್ಜಿಮನೆ, ಹಾವೇರಿ ಕಡೆ

ನಮ್ಮೂರಲ್ಲಿ ಬಾವಿ ನೀರು. ಟ್ಯಾಂಕರ್ ಲೆಕ್ಕ ನಮಗೆ ಬರೋದಿಲ್ಲ. ಹಾಗಾದರೆ ಬಾರ್ ತಾನೇ ಅಗ್ಗ?

ಟ್ಯಾಂಕರ್ ಬೀದಿ, ವೈಟ್‌ಫೀಲ್ಡ್

ಹೌದು, ಡಬ್ಬಿಯಲ್ಲಿ ನೀರು ನಿಲ್ಲದಿದ್ದರೆ ಬಾರೇ ಅಗ್ಗ. ತೂತು ಇರುವ ಡಬ್ಬಿ ಇಡಿ.

ನೊರೆನೊರೆ

ಹಾಗಾದರೆ ಲಿಕ್ವಿಡ್ ಬಾಟಲಿಗೇ ನೀರು ತುಂಬಿ ಇಟ್ಟುಕೊಳ್ಳಬಹುದಲ್ವಾ? ದಿನಾ ಬಟ್ಟಲು ಯಾಕೆ?

ಪೀಣ್ಯದ ರಾಯರು

ಬೇಡಪ್ಪ. ಕೆಡದಂತೆ ಹಾಕಿರುವ ಪದಾರ್ಥವೂ ನೀರು ಸೇರಿದಷ್ಟು ತೆಳುವಾಗುತ್ತದೆ. ವಾರಗಟ್ಟಲೆ ಇಟ್ಟರೆ ವಾಸನೆ ಬರಬಹುದು. ಬಾಟಲಿಯಲ್ಲಿ ನೀರಾದ ಲಿಕ್ವಿಡ್ ಇದ್ದರೆ ಕೈ ತಾನಾಗಿ ಜಾಸ್ತಿ ಸುರಿಯುತ್ತದೆ ಕೂಡ. ಆಯಾ ಹೊತ್ತಿಗೆ ಬೇಕಾದಷ್ಟು ಬೆರೆಸಿಕೊಳ್ಳಿ. ಮೊದಲು ಲೋಟ, ಆಮೇಲೆ ತಟ್ಟೆ, ಕೊನೆಗೆ ಜಿಡ್ಡಿನ ಪಾತ್ರೆ. ಬಾಣಲೆಯನ್ನು ಮೊದಲು ಅದ್ದಿದರೆ ಆ ಬಟ್ಟಲು ಅಲ್ಲಿಗೇ ಮುಗಿಯಿತು.

ಮಲ್ಲಿಗೆಮನೆ, ಬೆಂಗಳೂರು

ಅಕ್ಕನ ಹತ್ತಿರ ಮಾತಾಡಿದೆ. ಬಟ್ಟಲಲ್ಲಿ ಬೆರೆಸಿದ ಲಿಕ್ವಿಡ್‌ಗೆ ಒಪ್ಪಿದ್ದಾರೆ. ಉಂಗುರ ಮನೆಯಲ್ಲೇ ಬಿಟ್ಟು ಬರುತ್ತಿದ್ದಾರೆ. ಗ್ಲೌಸ್ ಮಾತ್ರ ಬೇಡವೇ ಬೇಡ, ಪಾತ್ರೆ ಜಾರುತ್ತದೆ, ಜಿಡ್ಡು ಹೋಗಿದೆಯೋ ಇಲ್ಲವೋ ಬೆರಳಿಗೆ ಗೊತ್ತಾಗುವುದಿಲ್ಲ ಅಂತಾರೆ. ಬಾಕಿ ಮೂರು ಮನೆಯಲ್ಲಿ ಪೌಡರೇ ಇದೆ. ವ್ಯಾಸಲೀನ್ ಡಬ್ಬಿ ಒಂದು ಅವರ ಚೀಲದಲ್ಲಿ ಹಾಕಿಕೊಟ್ಟಿದ್ದೇನೆ. ಅತ್ತೆ ಬಾರ್ ಬಿಡುವುದಿಲ್ಲ ಅಂದರು, ಇರಲಿ, ಅವರ ಕೈಗೆ ಏನೂ ಆಗಿಲ್ಲ. ಪೌಡರ್ ಪ್ಯಾಕೆಟ್ ಚಿಕ್ಕದು ತಂದು ಹಂಚಿಗೆ ಮಾತ್ರ ಇಟ್ಟಿದ್ದೇನೆ.

ನಾಲ್ಕು ಮನೆ ಮಾಡುವವರಿಗೆ ಜಾರದ ಗ್ಲೌಸ್ ಯಾರಾದರೂ ಬಳಸಿ ನೋಡಿದ್ದರೆ ಹೇಳಿ.

ಬಿಳಿ ಕೋಟು, ಮೈಸೂರು

ಅಂಗೈ ಕಡೆ ಒರಟು ಗೆರೆಗಳಿರುವ ನೈಟ್ರೈಲ್ ಗ್ಲೌಸ್ ಸಿಗುತ್ತದೆ, ಅಳತೆ ಸರಿ ಇದ್ದರೆ ಜಾರುವುದು ಕಡಿಮೆ. ದೊಡ್ಡ ಅಳತೆಯದ್ದು ಕೊಟ್ಟಿರುತ್ತಾರೆ, ಅದಕ್ಕೇ ಬೆರಳ ತುದಿ ಸಡಿಲಾಗಿ ಪಾತ್ರೆ ಜಾರುತ್ತದೆ. ಆದರೂ ನಮ್ಮಲ್ಲಿಗೆ ಬರುವವರಲ್ಲಿ ಪಾತ್ರೆ ಕೆಲಸಕ್ಕೆ ಗ್ಲೌಸ್ ಹಾಕಿಕೊಂಡು ಮುಂದುವರಿಸಿದವರು ಕಡಿಮೆ. ಮೊದಲು ಬಾಣಲೆ ಉಜ್ಜುವಾಗ, ಪೌಡರ್ ಮುಟ್ಟುವಾಗ ಮಾತ್ರ ಹಾಕಲು ಹೇಳಿ. ಅಷ್ಟಕ್ಕಾದರೆ ಕೆಲವರು ಒಪ್ಪುತ್ತಾರೆ.

ಮೆಸ್ ಮಂಜಣ್ಣ, ದಾವಣಗೆರೆ

ನಮ್ಮ ಹುಡುಗರಿಗೆ ಉದ್ದ ಹಿಡಿಯ ಬ್ರಷ್ ಕೊಟ್ಟಿದ್ದೀನಿ ಮೇಡಂ. ಕೈ ಸೋಪು ನೀರಿಗೆ ಇಳಿಯೋದೇ ಕಡಿಮೆ. ಲೋಟದ ಒಳಗೆ, ತಪ್ಪಲೆ ತಳಕ್ಕೆ ಚೆನ್ನಾಗಿ ಹೋಗುತ್ತದೆ. ತಟ್ಟೆಗೆ ಮಾತ್ರ ಅಷ್ಟು ಸರಿ ಬರೋದಿಲ್ಲ.